ತಲಾ ವೆಚ್ಚ 3,386 ರೂಪಾಯಿ, ಶುಲ್ಕ 3,600 ರೂಪಾಯಿ; ಆದರೂ ಮೆಸ್ಸಿಗೆ ನಷ್ಟ ಹೇಗೆ?

ಹೊಸ ಖಜಾಂಚಿ · 20 ಮೇ 2025, ರಾತ್ರಿ 9:14

ಎಲ್ಲರಿಗೂ ನಮಸ್ಕಾರ. ಧಾರವಾಡದಲ್ಲಿ ಟ್ರಸ್ಟೊಂದು ನಡೆಸುವ ಹುಡುಗರ ವಿದ್ಯಾರ್ಥಿನಿಲಯಕ್ಕೆ ಕಳೆದ ತಿಂಗಳಿನಿಂದ ನಾನು ಗೌರವ ಖಜಾಂಚಿಯಾಗಿದ್ದೇನೆ. ವೃತ್ತಿಯಿಂದ ನಾನು ಶಿಕ್ಷಕ, ಲೆಕ್ಕಪತ್ರ ನನಗೆ ಹೊಸದು. ಮುಂದಿನ ವರ್ಷದ ಊಟದ ಶುಲ್ಕವನ್ನು ಜೂನ್ ಮೊದಲ ವಾರದಲ್ಲಿ ನಿಗದಿ ಮಾಡಬೇಕಾಗಿದೆ. ಅದಕ್ಕಾಗಿ ಕಳೆದ ವರ್ಷದ ಲೆಕ್ಕ ತೆಗೆದು ನೋಡಿದಾಗ ಒಂದು ಒಗಟು ಎದುರಾಯಿತು.

ನಮ್ಮಲ್ಲಿ 120 ವಿದ್ಯಾರ್ಥಿಗಳಿದ್ದರು. ಮೆಸ್ ಜುಲೈನಿಂದ ಏಪ್ರಿಲ್‌ವರೆಗೆ ಹತ್ತು ತಿಂಗಳು, ಅಂದರೆ ಸುಮಾರು 300 ದಿನ ನಡೆಯಿತು. ದಿನಸಿ, ತರಕಾರಿ, ಹಾಲು ಎಲ್ಲ ಸೇರಿ 27,79,500 ರೂಪಾಯಿ, ಗ್ಯಾಸಿಗೆ 3,24,000, ಅಡುಗೆಯವರ ಸಂಬಳ 8,70,000, ವಿದ್ಯುತ್, ನೀರು, ಪಾತ್ರೆ ದುರಸ್ತಿ ಮುಂತಾದ ಇತರೆ ಖರ್ಚು 90,000. ಒಟ್ಟು 40,63,500 ರೂಪಾಯಿ. ಇದನ್ನು 120 ವಿದ್ಯಾರ್ಥಿಗಳಿಗೂ ಹತ್ತು ತಿಂಗಳಿಗೂ ಭಾಗಿಸಿದರೆ ತಲೆಗೆ ತಿಂಗಳಿಗೆ 3,386 ರೂಪಾಯಿ ಬರುತ್ತದೆ. ನಾವು ತೆಗೆದುಕೊಂಡದ್ದು ತಿಂಗಳಿಗೆ 3,600. ಹಾಗಿದ್ದರೆ ಎರಡೂವರೆ ಲಕ್ಷ ಉಳಿಯಬೇಕಿತ್ತು. ಆದರೆ ಉಳಿಯುವ ಬದಲು 1,39,500 ರೂಪಾಯಿ ಕೈಬಿಟ್ಟಿದೆ.

ಸಮಿತಿಯ ಹಿರಿಯರು ಬೆಲೆ ಏರಿಕೆಯೇ ಕಾರಣವೆಂದು ಹೇಳಿ ಶೇ. 10ರಷ್ಟು ಹೆಚ್ಚಿಸಿ 3,960 ಮಾಡೋಣ ಎನ್ನುತ್ತಾರೆ. ವಿದ್ಯಾರ್ಥಿ ಪ್ರತಿನಿಧಿಗಳು ಪತ್ರಿಕೆಯ ತುಣುಕು ತಂದು, ಏಪ್ರಿಲ್‌ನಲ್ಲಿ ಆಹಾರ ಹಣದುಬ್ಬರ ಶೇ. 1.78 ಮಾತ್ರ ಇರುವಾಗ ಹತ್ತು ಎಲ್ಲಿಂದ ಬಂತು ಎಂದು ಕೇಳುತ್ತಾರೆ. ಇಬ್ಬರ ಮಾತೂ ನನಗೆ ಅರ್ಧ ಸರಿಯೆನಿಸುತ್ತದೆ. ದಾರಿ ತೋರಿಸಿ.

ರೊಟ್ಟಿ ಪಲ್ಯ · 20 ಮೇ, ರಾತ್ರಿ 9:31

ದಾಸ್ತಾನು ಕೋಣೆಯ ಕೀಲಿ ಯಾರ ಬಳಿ ಇರುತ್ತದೆ ಎಂಬುದನ್ನು ಮೊದಲು ನೋಡಿ. ಒಗಟು ಅಲ್ಲಿಯೇ ಬಿಡಿಸಿಕೊಳ್ಳುತ್ತದೆ.

ಹೊಸ ಖಜಾಂಚಿ · 20 ಮೇ, ರಾತ್ರಿ 9:40

ಕಳವಾಗಿದ್ದರೂ ಅದು 40,63,500ರ ಒಳಗೇ ಸೇರಿರುತ್ತದೆಯಲ್ಲವೇ? ಖರ್ಚು ಎಷ್ಟೇ ಇರಲಿ, ಶುಲ್ಕಕ್ಕಿಂತ ಕಡಿಮೆ ಇದ್ದೂ ನಷ್ಟ ಹೇಗಾಯಿತು ಎಂಬುದು ನನ್ನ ಪ್ರಶ್ನೆ.

ಬಯಲುಸೀಮೆ ಪೋರ · 20 ಮೇ, ರಾತ್ರಿ 10:02

ಸರ್, ಸರ್ಕಾರಿ ವಿದ್ಯಾರ್ಥಿನಿಲಯಗಳಲ್ಲಿ ಊಟದ ಮೊತ್ತವನ್ನು ಸರ್ಕಾರವೇ ಆದೇಶದ ಮೂಲಕ ನಿಗದಿಪಡಿಸುತ್ತದೆ, ಸಮಿತಿ ಏರಿಸಲು ಬರುವುದಿಲ್ಲ. ನಮ್ಮಲ್ಲಿ ಹಾಜರಾತಿಯ ಪ್ರಕಾರವೇ ಹಣ ಬಿಡುಗಡೆಯಾಗುತ್ತಿತ್ತು. ನೀವು ತಾಲ್ಲೂಕು ಕಲ್ಯಾಣಾಧಿಕಾರಿಯವರಿಗೆ ಒಂದು ಅರ್ಜಿ ಕೊಟ್ಟು ನೋಡಿ.

ಹೊಸ ಖಜಾಂಚಿ · 20 ಮೇ, ರಾತ್ರಿ 10:10

ನಮ್ಮದು ಸರ್ಕಾರಿ ನಿಲಯವಲ್ಲ, ತಮ್ಮಾ. ಅನುದಾನವೂ ಇಲ್ಲ. ಹುಡುಗರು ಕೊಟ್ಟ ಹಣದಲ್ಲಿಯೇ ಒಲೆ ಉರಿಯಬೇಕು.

ಹಳೇ ವಾರ್ಡನ್ · 21 ಮೇ, ಬೆಳಿಗ್ಗೆ 6:48

ಖಜಾಂಚಿಯವರೇ, ನೀವು ಒಂದು ಸಂಖ್ಯೆಯನ್ನು ಬರೆದಿಲ್ಲ; ಅದು ಇಲ್ಲದೆ ಒಗಟು ಬಿಡಿಸಲಾಗದು. ರಜೆಗೆ ಊರಿಗೆ ಹೋದವರಿಗೆ ಮೆಸ್ ಕಟ್ ಕೊಡುತ್ತೀರಾ? ಕೊಟ್ಟರೆ ದಿನಕ್ಕೆ ಎಷ್ಟು, ವರ್ಷದಲ್ಲಿ ಒಟ್ಟು ಎಷ್ಟು ದಿನಗಳಿಗೆ ಕೊಟ್ಟಿದ್ದೀರಿ?

ಹೊಸ ಖಜಾಂಚಿ · 21 ಮೇ, ಬೆಳಿಗ್ಗೆ 8:20

ಕೊಡುತ್ತೇವೆ. ಸತತ ಐದು ದಿನ ಅಥವಾ ಹೆಚ್ಚು ಊರಿಗೆ ಹೋಗುವವರು ಮೊದಲೇ ಬರೆದುಕೊಟ್ಟರೆ ದಿನಕ್ಕೆ 120 ರೂಪಾಯಿ ಕಳೆಯುತ್ತೇವೆ. 3,600ನ್ನು 30ರಿಂದ ಭಾಗಿಸಿದ್ದು. ರಿಜಿಸ್ಟರ್ ಪ್ರಕಾರ ದಸರಾ, ದೀಪಾವಳಿ, ಸಂಕ್ರಾಂತಿ, ಪರೀಕ್ಷೆ ಮುಗಿದ ಬಿಡುವು ಎಲ್ಲ ಸೇರಿ 3,300 ದಿನಗಳಾಗಿವೆ. ಅಂದರೆ 3,96,000 ರೂಪಾಯಿ ವಾಪಸು ಹೋಗಿದೆ. ಅಯ್ಯೋ, ಕೈಗೆ ಬಂದದ್ದು 43,20,000 ಅಲ್ಲ, 39,24,000.

ಹಳೇ ವಾರ್ಡನ್ · 21 ಮೇ, ಬೆಳಿಗ್ಗೆ 9:05

ಸಿಕ್ಕಿತಲ್ಲ. ಆದರೆ "ಕಟ್ ಕೊಟ್ಟದ್ದರಿಂದ ನಷ್ಟ" ಎಂದು ಅಲ್ಲಿಗೇ ನಿಲ್ಲಿಸಬೇಡಿ. ಕಟ್ ಕೊಡುವುದು ತಪ್ಪಲ್ಲ, ನೀವು ಕೊಟ್ಟ ದರ ತಪ್ಪು.

ಒಬ್ಬ ಹುಡುಗ ಒಂದು ದಿನ ಊಟಕ್ಕೆ ಬಾರದಿದ್ದರೆ ಮೆಸ್ಸಿಗೆ ನಿಜವಾಗಿ ಉಳಿಯುವುದು ಏನು? ಅವನ ಪಾಲಿನ ಅಕ್ಕಿ, ಬೇಳೆ, ಹಾಲು, ತರಕಾರಿ. ಭಟ್ಟರ ಸಂಬಳದಲ್ಲಿ ಒಂದು ಪೈಸೆಯೂ ಉಳಿಯುವುದಿಲ್ಲ, ಪಾತ್ರೆ ತೊಳೆಯುವವರ ಕೂಲಿಯೂ ಕಡಿಮೆಯಾಗುವುದಿಲ್ಲ. 120 ಹುಡುಗರಿಗೆ 300 ದಿನದಂತೆ ನಿಮ್ಮ 36,000 ದಿನಗಳಲ್ಲಿ 3,300 ಕಳೆದರೆ ಊಟದ ದಿನಗಳು 32,700. ದಿನಸಿ ಖರ್ಚು 27,79,500ನ್ನು ಅದರಿಂದ ಭಾಗಿಸಿ: ದಿನಕ್ಕೆ 85 ರೂಪಾಯಿ. ಅಂದರೆ ಉಳಿದದ್ದು 85, ವಾಪಸು ಕೊಟ್ಟದ್ದು 120. ಪ್ರತಿ ಕಟ್ ದಿನಕ್ಕೆ 35 ರೂಪಾಯಿ ಕೈಯಿಂದ ಹೋಗಿದೆ. 3,300 ದಿನಕ್ಕೆ ಅದು 1,15,500 ರೂಪಾಯಿ. ನಿಮ್ಮ ನಷ್ಟದ ಬಹುಪಾಲು ಇಲ್ಲಿಯೇ ಇದೆ. ಉಳಿಯುವುದು 24,000 ಮಾತ್ರ.

ಈಗ ಇನ್ನೊಂದು ರೀತಿಯಲ್ಲಿ ನೋಡಿ. ಗ್ಯಾಸ್, ಸಂಬಳ, ಇತರೆ ಖರ್ಚು ಸೇರಿ 12,84,000. ಇದು ಹುಡುಗ ಉಣ್ಣಲಿ, ಬಿಡಲಿ, ನಿಲಯದಲ್ಲಿ ಜಾಗ ಪಡೆದವರೆಲ್ಲರ ಮೇಲೆ ಬೀಳುವ ಖರ್ಚು. ತಲೆಗೆ ತಿಂಗಳಿಗೆ 1,070. ಅದಕ್ಕೆ ಮೂವತ್ತು ದಿನದ 85, ಅಂದರೆ 2,550 ಸೇರಿಸಿದರೆ 3,620 ಆಗುತ್ತದೆ. ಇಡೀ ತಿಂಗಳು ಉಣ್ಣುವವನ ನಿಜವಾದ ವೆಚ್ಚ ಇದು. ನೀವು ಪಡೆದದ್ದು 3,600. ತಲೆಗೆ ಇಪ್ಪತ್ತು ರೂಪಾಯಿ ಕಡಿಮೆ, 120 ಜನಕ್ಕೆ ಹತ್ತು ತಿಂಗಳಿಗೆ ಸರಿಯಾಗಿ ಆ 24,000. ಕಳೆದ ವರ್ಷ ಶುಲ್ಕ ನಿಗದಿ ಮಾಡಿದವರು ಲೆಕ್ಕ ತಪ್ಪಿರಲಿಲ್ಲ. ಕಟ್ ನಿಯಮ ಬರೆದವರು ತಪ್ಪಿದ್ದರು. ಇಬ್ಬರೂ ಒಂದೇ ವ್ಯಕ್ತಿಯಾಗಿದ್ದರೆ ನನ್ನನ್ನು ಕ್ಷಮಿಸಬೇಕು.

ಲೆಕ್ಕಿಗ · 21 ಮೇ, ಬೆಳಿಗ್ಗೆ 10:37

ಇಷ್ಟೆಲ್ಲ ತಲೆನೋವು ಏಕೆ? ಡಿವೈಡಿಂಗ್ ಪದ್ಧತಿಗೆ ಬನ್ನಿ. ತಿಂಗಳ ಒಟ್ಟು ಖರ್ಚನ್ನು ತಿಂಗಳ ಒಟ್ಟು ಊಟದ ದಿನಗಳಿಂದ ಭಾಗಿಸಿ, ಯಾರು ಎಷ್ಟು ದಿನ ಉಂಡರೋ ಅವರಿಗೆ ಅಷ್ಟು ಬಿಲ್ ಕೊಡಿ. ಲಾಭವೂ ಇಲ್ಲ, ನಷ್ಟವೂ ಇಲ್ಲ, ಹಣದುಬ್ಬರ ಎಷ್ಟಾಗಬಹುದೆಂದು ಊಹಿಸುವ ಗೋಜೂ ಇಲ್ಲ. ನಾನು ಓದಿದ ಎಂಜಿನಿಯರಿಂಗ್ ಕಾಲೇಜಿನಲ್ಲಿ ನಾಲ್ಕು ವರ್ಷ ಹೀಗೆಯೇ ನಡೆಯಿತು.

ಹಳೇ ವಾರ್ಡನ್ · 21 ಮೇ, ಬೆಳಿಗ್ಗೆ 11:20

ಲೆಕ್ಕಿಗರೇ, ಮೆಸ್ಸಿಗೆ ನಷ್ಟವಾಗದು ಎಂಬುದು ನಿಜ. ನಷ್ಟ ಯಾರ ತಲೆಗೆ ಹೋಗುತ್ತದೆ ಎಂಬುದನ್ನು ಮಾತ್ರ ನೀವು ನೋಡಿಲ್ಲ. ಕಳೆದ ಅಕ್ಟೋಬರ್‌ನಲ್ಲಿ ದಸರಾ ಮತ್ತು ದೀಪಾವಳಿ ಎರಡೂ ಬಂದವು. ಆ ತಿಂಗಳು ಊಟದ ದಿನಗಳು 3,600ರ ಬದಲು 2,140ಕ್ಕೆ ಇಳಿದವು ಎಂದುಕೊಳ್ಳಿ. ತಿಂಗಳ ಸ್ಥಿರ ಖರ್ಚು 1,28,400 ಎಲ್ಲಿಗೂ ಹೋಗಿಲ್ಲ. ತುಂಬಿದ ತಿಂಗಳಿನಲ್ಲಿ ಅದು ಒಂದು ಊಟದ ದಿನಕ್ಕೆ 36 ರೂಪಾಯಿಯ ಸುಮಾರು ಬಿದ್ದರೆ ಅಕ್ಟೋಬರ್‌ನಲ್ಲಿ 60 ರೂಪಾಯಿ ಬೀಳುತ್ತದೆ. ದಿನದ ದರ 121ರಿಂದ 145ಕ್ಕೆ ಏರುತ್ತದೆ. ಊರು ದೂರವೆಂದು ಹಬ್ಬಕ್ಕೆ ಹೋಗದೆ ನಿಂತ ಹುಡುಗ, ಹೋದವರ ಪಾಲಿನ ಭಟ್ಟರ ಸಂಬಳವನ್ನೂ ಕಟ್ಟುತ್ತಾನೆ. ಬಿಲ್ ನೋಡಿ ಉಳಿದವರೂ ಊರಿಗೆ ಹೊರಡುತ್ತಾರೆ, ದರ ಇನ್ನಷ್ಟು ಏರುತ್ತದೆ. ನಾನು ವಾರ್ಡನ್ ಆಗಿದ್ದಾಗ ಒಂದು ಡಿಸೆಂಬರ್‌ನಲ್ಲಿ ಇದನ್ನು ಕಣ್ಣಾರೆ ಕಂಡಿದ್ದೇನೆ.

ಬೀದರ್ ಎಕ್ಸ್‌ಪ್ರೆಸ್ · 21 ಮೇ, ಮಧ್ಯಾಹ್ನ 1:15

ಆ ನಿಂತ ಹುಡುಗ ನಾನೇ. ಧಾರವಾಡದಲ್ಲಿ ಓದುವಾಗ ಬೀದರಿಗೆ ಹೋಗಿ ಬರುವುದರಲ್ಲಿಯೇ ಎರಡು ದಿನ ಕಳೆಯುತ್ತಿತ್ತು. ಹುಬ್ಬಳ್ಳಿ, ಗದಗ ಕಡೆಯವರು ಅಮ್ಮನ ಕೈ ಹೋಳಿಗೆ ತಿಂದು, ಮೆಸ್ ಕಟ್ ಹಣವನ್ನೂ ಪಡೆದು ಬರುತ್ತಿದ್ದರು. ನಾನು ತಣ್ಣಗಾದ ಚಿತ್ರಾನ್ನ ತಿಂದು ಪೂರ್ತಿ ಹಣ ಕಟ್ಟುತ್ತಿದ್ದೆ. ನನ್ನ ಪ್ರಕಾರ ಕಟ್ ಎಂಬುದೇ ಇರಬಾರದು.

ಶಿವಮೊಗ್ಗದವಳು · 21 ಮೇ, ಮಧ್ಯಾಹ್ನ 1:48

ನಾನು ಒಪ್ಪುವುದಿಲ್ಲ. ತಿನ್ನದ ಅನ್ನಕ್ಕೆ ಹಣ ಏಕೆ ಕೊಡಬೇಕು? 85 ಉಳಿದಿದ್ದರೆ ಆ 85 ಹುಡುಗನದೇ.

ನಮ್ಮ ಹುಡುಗಿಯರ ಹಾಸ್ಟೆಲ್‌ನಲ್ಲಿ ಇದೆಲ್ಲ ರಗಳೆ ಬೇಡವೆಂದು ಗುತ್ತಿಗೆದಾರರಿಗೆ ತಟ್ಟೆಯ ಲೆಕ್ಕದಲ್ಲಿ ವಹಿಸಿದರು. ವರ್ಷವಿಡೀ ಒಂದೇ ದರ ಎಂದು ಕರಾರಾಗಿತ್ತು. ಟೊಮೆಟೊ ಕಿಲೋಗೆ ನೂರು ದಾಟಿದ 2023ರ ಜುಲೈನಲ್ಲಿ ದರವೇನೋ ಏರಲಿಲ್ಲ, ಆದರೆ ಸಾರು ಹುಣಸೆಹಣ್ಣಿನ ನೀರಾಯಿತು, ಮಜ್ಜಿಗೆಯಲ್ಲಿ ಮಜ್ಜಿಗೆಯನ್ನು ಹುಡುಕಬೇಕಾಯಿತು. ಟೊಮೆಟೊ ಬೆಲೆ ಇಳಿದ ಮೇಲೂ ಸಾರು ಮೊದಲಿನಂತಾಗಲಿಲ್ಲ. ದರ ಏರದಿದ್ದರೆ ತಟ್ಟೆ ಇಳಿಯುತ್ತದೆ, ಅಷ್ಟೇ.

ಮಂಡಿ ಮನುಷ್ಯ · 21 ಮೇ, ಸಂಜೆ 4:30

ಗುತ್ತಿಗೆದಾರರನ್ನು ಬೈಯುವ ಮೊದಲು, ವರ್ಷವಿಡೀ ಒಂದೇ ದರ ಎಂದು ಬರೆಸಿಕೊಂಡವರನ್ನೂ ಕೇಳಿ. ತರಕಾರಿಗೆ ಹತ್ತು ತಿಂಗಳ ದರ ಕೊಡುವ ಮನುಷ್ಯ ಎಪಿಎಂಸಿಯಲ್ಲಿ ಇನ್ನೂ ಹುಟ್ಟಿಲ್ಲ.

ಹೊಸ ಖಜಾಂಚಿ · 21 ಮೇ, ರಾತ್ರಿ 9:02

ಕಟ್ ವಿಷಯ ಅರ್ಥವಾಯಿತು, ಹಳೇ ವಾರ್ಡನ್ ಅವರಿಗೆ ಕೃತಜ್ಞತೆಗಳು. ಈಗ ಎರಡನೆಯ ಪ್ರಶ್ನೆ. 85 ರೂಪಾಯಿ ಮುಂದಿನ ವರ್ಷ ಎಷ್ಟಾಗಬಹುದು? ಶೇ. 1.78 ಹಿಡಿಯಲೋ, 10 ಹಿಡಿಯಲೋ?

ಎಂಎಸ್ಸಿ ಹುಡುಗ · 21 ಮೇ, ರಾತ್ರಿ 9:25

1.78 ಸರ್ಕಾರವೇ ಪ್ರಕಟಿಸಿದ ಅಂಕಿ, ಸರ್. 85ಕ್ಕೆ ಅದನ್ನು ಸೇರಿಸಿದರೆ 86.50. ಸಮಿತಿಯವರ ಹತ್ತಕ್ಕೆ ಆಧಾರವೇನು? ದುಂಡನೆಯ ಸಂಖ್ಯೆ ಎಂಬುದನ್ನು ಬಿಟ್ಟರೆ?

ಸಂತೆ ಲೆಕ್ಕ · 22 ಮೇ, ಬೆಳಿಗ್ಗೆ 7:12

ನಾನು ಸಹಕಾರ ಸಂಘವೊಂದರ ಖರೀದಿ ವಿಭಾಗದಲ್ಲಿ ದುಡಿದವಳು. ಎರಡು ಹಾಸ್ಟೆಲ್‌ಗಳಿಗೆ ದಿನಸಿ ಒದಗಿಸಿದ ಅನುಭವವಿದೆ.

ಎಂಎಸ್ಸಿ ಹುಡುಗರೇ, ಆ 1.78 ಈ ವರ್ಷದ ಏಪ್ರಿಲ್ ಬೆಲೆಯನ್ನು ಹೋದ ವರ್ಷದ ಏಪ್ರಿಲ್ ಬೆಲೆಯ ಜೊತೆ ಹೋಲಿಸಿದ್ದು. ಇದೇ ಸೂಚ್ಯಂಕ ಅಕ್ಟೋಬರ್‌ನಲ್ಲಿ ಶೇ. 10.87 ತೋರಿಸಿತ್ತು. ಆಗ ಸಭೆ ನಡೆದಿದ್ದರೆ ಸಮಿತಿಯವರು ತುಣುಕು ತರುತ್ತಿದ್ದರು, ನೀವು ಆಧಾರ ಕೇಳುತ್ತಿದ್ದಿರಿ. ಮೆಸ್ಸಿಗೆ ಬೇಕಾದದ್ದು ಒಂದು ತಿಂಗಳಿನ ಹೋಲಿಕೆಯಲ್ಲ. ಕಳೆದ ಹತ್ತು ತಿಂಗಳ ಸರಾಸರಿ ಬೆಲೆಗೆ ಮುಂದಿನ ಹತ್ತು ತಿಂಗಳ ಸರಾಸರಿ ಎಷ್ಟು ಹೆಚ್ಚಿರುತ್ತದೆ ಎಂಬುದು. ಅದರ ಮೇಲೆ, ಸೂಚ್ಯಂಕದಲ್ಲಿ ಮೀನು, ಮಾಂಸ, ಮೊಟ್ಟೆ, ಹಣ್ಣು ಎಲ್ಲ ಇವೆ. ನಿಮ್ಮ ಅಡುಗೆಮನೆಯ ಬುಟ್ಟಿಯೇ ಬೇರೆ. ಖಜಾಂಚಿಯವರೇ, 85 ರೂಪಾಯಿಯನ್ನು ಒಡೆದು ಹೇಳುತ್ತೀರಾ? ಎಣ್ಣೆ ಮತ್ತು ಹಾಲಿನ ಬಿಲ್ಲುಗಳನ್ನೂ ತಿಂಗಳವಾರು ನೋಡಿ.

ಹೊಸ ಖಜಾಂಚಿ · 22 ಮೇ, ರಾತ್ರಿ 10:40

ಇಂದು ಸಂಜೆ ಮೂರು ಗಂಟೆ ಬಿಲ್ಲು ವಿಂಗಡಿಸಿದೆವು. ಎಂಎಸ್ಸಿ ಹುಡುಗ ನಮ್ಮ ನಿಲಯದವನೇ ಎಂದು ತಿಳಿದು ಅವನನ್ನೂ ಕೂರಿಸಿಕೊಂಡೆ. ದಿನದ 85 ರೂಪಾಯಿಯಲ್ಲಿ ಅಕ್ಕಿ, ಗೋಧಿ ಮತ್ತು ಜೋಳದ ರೊಟ್ಟಿಗೆ 22, ಬೇಳೆಕಾಳಿಗೆ 10, ಎಣ್ಣೆಗೆ 9, ಹಾಲು ಮೊಸರಿಗೆ 17, ತರಕಾರಿಗೆ 15, ಸಕ್ಕರೆ, ಚಹಾಪುಡಿ, ಮಸಾಲೆ, ಕಾಯಿ ಇತ್ಯಾದಿಗೆ 12. ಸೂರ್ಯಕಾಂತಿ ಎಣ್ಣೆಯ ಡಬ್ಬ ಜುಲೈನಿಂದ ಸೆಪ್ಟೆಂಬರ್‌ವರೆಗೆ 1,700ರ ಆಸುಪಾಸಿನಲ್ಲಿತ್ತು, ಅಕ್ಟೋಬರ್‌ನಿಂದ 2,150.

ಸಂತೆ ಲೆಕ್ಕ · 23 ಮೇ, ಬೆಳಿಗ್ಗೆ 7:30

ಎಣ್ಣೆಯನ್ನೇ ಮೊದಲು ತೆಗೆದುಕೊಳ್ಳೋಣ, ಏಕೆಂದರೆ ಎಲ್ಲರೂ ಎಡವುವುದು ಅಲ್ಲಿ. ಕೇಂದ್ರ ಸರ್ಕಾರ 2024ರ ಸೆಪ್ಟೆಂಬರ್ ಮಧ್ಯದಲ್ಲಿ ಖಾದ್ಯ ತೈಲಗಳ ಆಮದು ಸುಂಕ ಏರಿಸಿತು, ನಿಮ್ಮ ಡಬ್ಬ 1,700ರಿಂದ 2,150ಕ್ಕೆ ಹೋಯಿತು. ಅದು ಶೇ. 26ರ ಏರಿಕೆ. ಹಾಗೆಂದು ಮುಂದಿನ ವರ್ಷದ ಅಂದಾಜಿಗೆ 26 ಸೇರಿಸಿದರೆ ತಪ್ಪು, ಏಕೆಂದರೆ ಕಳೆದ ವರ್ಷದ ಹತ್ತು ತಿಂಗಳಲ್ಲಿ ಏಳು ತಿಂಗಳು ನೀವು ಆಗಲೇ ಏರಿದ ಬೆಲೆ ಕೊಟ್ಟಿದ್ದೀರಿ. ಹತ್ತು ತಿಂಗಳ ಸರಾಸರಿ 2,015. ಬೆಲೆ 2,150ರಲ್ಲಿಯೇ ನಿಂತರೆ ನಿಜವಾದ ಏರಿಕೆ ಶೇ. 7ಕ್ಕಿಂತ ಕಡಿಮೆ, 9 ರೂಪಾಯಿ 9.60 ಆಗುತ್ತದೆ.

ಹಾಲಿನದು ಇದಕ್ಕೆ ತದ್ವಿರುದ್ಧ. ನಂದಿನಿ ಟೋನ್ಡ್ ಹಾಲು ಈ ಏಪ್ರಿಲ್ 1ರಿಂದ ಲೀಟರಿಗೆ 42ರಿಂದ 46 ಆಯಿತು. ನಿಮ್ಮ ಹಳೆಯ ಲೆಕ್ಕದಲ್ಲಿ ಹೊಸ ದರ ಒಂದು ತಿಂಗಳು ಮಾತ್ರ ಇದೆ, ಮುಂದಿನ ವರ್ಷ ಹತ್ತೂ ತಿಂಗಳು ಇರುತ್ತದೆ. ಆದ್ದರಿಂದ ಈ ಏರಿಕೆ ಹೆಚ್ಚುಕಡಿಮೆ ಪೂರ್ತಿಯಾಗಿ, ಶೇ. 8.5ರಷ್ಟು, ನಿಮ್ಮ ಮೇಲೆ ಬೀಳುತ್ತದೆ; 17 ರೂಪಾಯಿ 18.44 ಆಗುತ್ತದೆ. ಎಣ್ಣೆ ಸುದ್ದಿಯಾದಷ್ಟು ಹಾಲು ಸುದ್ದಿಯಾಗುವುದಿಲ್ಲ, ಆದರೆ ನಿಮ್ಮ ಮೆಸ್ಸಿಗೆ ಹಾಲಿನ ಹೊಡೆತ ಎರಡು ಪಟ್ಟಿಗಿಂತ ಹೆಚ್ಚು.

ತೊಗರಿ ಬೇಳೆ ಇಳಿದಿದೆ, 10ರ ಬದಲು 9 ಹಿಡಿಯಿರಿ. ಅಕ್ಕಿ ಗೋಧಿಗೆ ಶೇ. 3 ಸಾಕು, 22.66. ಕಾಯಿಯ ಬೆಲೆ ಏರುತ್ತಿರುವುದರಿಂದ ಕೊನೆಯ ಬಾಬ್ತು 12.90 ಇರಲಿ. ತರಕಾರಿ ಈಗ ಅಗ್ಗವಾಗಿದೆ, ಆದರೂ 15 ಇಳಿಸಬೇಡಿ. ಮೇ ತಿಂಗಳ ತರಕಾರಿ ದರ ನೋಡಿ ಅಕ್ಟೋಬರ್‌ನ ಪಲ್ಯ ನಿರ್ಧರಿಸಲು ಆಗುವುದಿಲ್ಲ. ಎಲ್ಲ ಕೂಡಿದರೆ 87.60. ಏರಿಕೆ ಶೇ. 3ರ ಆಸುಪಾಸು. ಸಮಿತಿಯೂ ಸೋತಿತು, ವಿದ್ಯಾರ್ಥಿಗಳೂ ಸೋತರು.

ಮಂಡಿ ಮನುಷ್ಯ · 23 ಮೇ, ಬೆಳಿಗ್ಗೆ 11:50

ಅಕ್ಕಿಯನ್ನು 26 ಕಿಲೋ ಚೀಲದಲ್ಲಿ ತೆಗೆದುಕೊಳ್ಳಿ. ಮುದ್ರೆಯೊತ್ತಿದ ಚೀಲ 25 ಕಿಲೋವರೆಗೆ ಇದ್ದರೆ ಶೇ. 5 ಜಿಎಸ್‌ಟಿ ಬೀಳುತ್ತದೆ, ಅದಕ್ಕಿಂತ ದೊಡ್ಡದಾದರೆ ಇಲ್ಲ. 2022ರ ಜುಲೈನಿಂದ ಹೀಗೆಯೇ ಇದೆ. ಆ ಒಂದು ಕಿಲೋ ಎಲ್ಲಿಂದ ಬಂತೆಂದು ಗಿರಾಕಿಗಳು ಇನ್ನೂ ಕೇಳುತ್ತಾರೆ.

ಲೆಕ್ಕಿಗ · 23 ಮೇ, ಮಧ್ಯಾಹ್ನ 12:30

ಗ್ಯಾಸಿಗೆ 3,24,000 ಬಹಳವಾಯಿತು. ಮನೆ ಬಳಕೆಯ ಸಿಲಿಂಡರ್ ಹೊಂದಿಸಿಕೊಂಡರೆ ಎಷ್ಟೋ ಉಳಿಯುತ್ತದೆ.

ಹಳೇ ವಾರ್ಡನ್ · 23 ಮೇ, ಮಧ್ಯಾಹ್ನ 12:41

ಅದು ಕಾನೂನುಬಾಹಿರ, ತಪಾಸಣೆಯಲ್ಲಿ ಸಿಕ್ಕಿಬಿದ್ದರೆ ವಾರ್ಡನ್ ಹೆಸರಿಗೆ ಕೇಸಾಗುತ್ತದೆ. ಆ ಉಳಿತಾಯ ಬೇಡ.

ಗ್ಯಾಸಿನ ಬಗ್ಗೆ ನನ್ನದೇ ಒಂದು ತಿದ್ದುಪಡಿಯೂ ಇದೆ. ಅದನ್ನು ಪೂರ್ತಿ ಸ್ಥಿರ ಖರ್ಚೆಂದು ಹಿಡಿದೆ, ಅದು ಅರ್ಧ ಸತ್ಯ. ನೂರು ಜನರ ಬದಲು ಎಂಬತ್ತು ಜನರಿಗೆ ಸಾರು ಕುದಿಸಿದರೆ ಗ್ಯಾಸ್ ಹೆಚ್ಚೇನೂ ಉಳಿಯುವುದಿಲ್ಲ, ಚಪಾತಿ ಬೇಯಿಸುವಲ್ಲಿ ಮಾತ್ರ ಉಳಿಯುತ್ತದೆ. ಲೆಕ್ಕ ಸುಲಭವಾಗಲೆಂದು ಸ್ಥಿರವೆಂದೇ ಇಟ್ಟುಕೊಳ್ಳಿ.

ರೊಟ್ಟಿ ಪಲ್ಯ · 23 ಮೇ, ಮಧ್ಯಾಹ್ನ 2:20

ಕೀಲಿಯ ಮಾತನ್ನು ನೀವು ನಕ್ಕು ಬಿಟ್ಟಿರಿ. ಆದರೆ ಬೆಲೆ ಏರಿತೋ, ಬಳಕೆ ಏರಿತೋ ಎಂದು ಯಾರಾದರೂ ನೋಡಿದಿರಾ? ಎಣ್ಣೆಯ ಬಿಲ್ಲು ಏರಿದಾಗಲೆಲ್ಲ ಸುಂಕವನ್ನೇ ದೂರಿದರೆ, ಹಿಂಬಾಗಿಲಿನಿಂದ ಹೋದ ಡಬ್ಬಕ್ಕೂ ಕೇಂದ್ರ ಸರ್ಕಾರವೇ ಹೊಣೆಯಾಗುತ್ತದೆ.

ಸಂತೆ ಲೆಕ್ಕ · 23 ಮೇ, ಮಧ್ಯಾಹ್ನ 3:05

ಈ ಮಾತು ಸರಿಯಿದೆ. ದಾಸ್ತಾನು ಪುಸ್ತಕದಲ್ಲಿ ತಿಂಗಳ ಆರಂಭದ ದಾಸ್ತಾನು, ಖರೀದಿ, ತಿಂಗಳ ಕೊನೆಯ ದಾಸ್ತಾನು ಇದ್ದರೆ ಬಳಕೆಯ ಕಿಲೋ ಸಿಗುತ್ತದೆ. ಅದನ್ನು ಊಟದ ದಿನಗಳಿಂದ ಭಾಗಿಸಿ, ರೂಪಾಯಿಯಲ್ಲಲ್ಲ, ಗ್ರಾಮಿನಲ್ಲಿ ಬರೆಯಿರಿ. ಹುಡುಗರ ಹೊಟ್ಟೆ ಜುಲೈನಿಂದ ಆಗಸ್ಟ್‌ಗೆ ಹಿಗ್ಗುವುದಿಲ್ಲ. ತಲೆಗೆ ದಿನಕ್ಕೆ ಎಣ್ಣೆ ಯಾವ ತಿಂಗಳೂ 65 ಗ್ರಾಂ ದಾಟದಿದ್ದದ್ದು ಏಕಾಏಕಿ 75 ಆದರೆ, ಬಜ್ಜಿ ಬೋಂಡಾ ಹೆಚ್ಚಾಗಿ ಮಾಡಿದರೇ ಎಂದು ಮೊದಲು ಕೇಳಿ, ಆಮೇಲೆ ಕೀಲಿಯ ಬಗ್ಗೆ ಕೇಳಿ.

ಹೊಸ ಖಜಾಂಚಿ · 24 ಮೇ, ಬೆಳಿಗ್ಗೆ 8:15

ಇನ್ನೊಂದು ಸಂಗತಿ ಹೇಳುವುದನ್ನು ಮರೆತೆ. ಮುಂದಿನ ವರ್ಷ ಒಂದು ಪಾರ್ಶ್ವದ ಛಾವಣಿ ದುರಸ್ತಿ ಇರುವುದರಿಂದ ಎರಡು ಕೋಣೆ ಖಾಲಿ ಬಿಡಬೇಕು. 112 ಹುಡುಗರು ಮಾತ್ರ ಇರುತ್ತಾರೆ. ಅಡುಗೆಯವರ ಸಂಬಳವನ್ನು ತಿಂಗಳಿಗೆ 87,000ದಿಂದ 94,000ಕ್ಕೆ ಏರಿಸಲು ಒಪ್ಪಿದ್ದೇವೆ. ಎಂಟು ಹುಡುಗರು ಕಡಿಮೆಯಾದರೆ ಖರ್ಚೂ ಕಡಿಮೆಯಾಗುವುದರಿಂದ ಇದರಿಂದ ದೊಡ್ಡ ವ್ಯತ್ಯಾಸವಾಗದು ಎಂದುಕೊಂಡಿದ್ದೇನೆ.

ಹಳೇ ವಾರ್ಡನ್ · 24 ಮೇ, ಬೆಳಿಗ್ಗೆ 9:33

ಇದನ್ನೇ ಮೊದಲು ಹೇಳಬೇಕಿತ್ತು, ಖಜಾಂಚಿಯವರೇ. ಸಂಬಳ, ಗ್ಯಾಸ್, ಇತರೆ ಸೇರಿ ತಿಂಗಳಿಗೆ 1,35,400. ಇದನ್ನು 120 ಜನ ಹೊತ್ತರೆ ತಲೆಗೆ 1,128, 112 ಜನ ಹೊತ್ತರೆ 1,209. ಎಂಟು ಹಾಸಿಗೆ ಖಾಲಿ ಇದ್ದುದಕ್ಕೆ ಉಳಿದವರು ತಲೆಗೆ ತಿಂಗಳಿಗೆ 80 ರೂಪಾಯಿ ಹೆಚ್ಚು ಕೊಡುತ್ತಾರೆ. ಈ ಎರಡು ದಿನ ನಾವೆಲ್ಲ ಚರ್ಚಿಸಿದ ಎಣ್ಣೆ, ಹಾಲು, ಬೇಳೆಯ ಏರಿಕೆಯೆಲ್ಲ ಸೇರಿ ದಿನಕ್ಕೆ 2.60, ತಿಂಗಳಿಗೆ 78 ರೂಪಾಯಿ. ಎರಡು ಕೋಣೆಯ ಛಾವಣಿ ಇಡೀ ಮಾರುಕಟ್ಟೆಗೆ ಸಮನಾಯಿತು.

ಈಗ ಕೂಡಿಸಿ. 1,209ಕ್ಕೆ 87.60ರ ಮೂವತ್ತು ದಿನ, 2,628 ಸೇರಿದರೆ 3,837.

ಎಂಎಸ್ಸಿ ಹುಡುಗ · 24 ಮೇ, ಬೆಳಿಗ್ಗೆ 10:50

ಕುತೂಹಲಕ್ಕೆ ಸಮಿತಿಯ 3,960ನ್ನೂ ಇದೇ ಲೆಕ್ಕಕ್ಕೆ ಹಾಕಿ ನೋಡಿದೆ. ಕಟ್ ದರ ಹಳೆಯ ರೀತಿಯಲ್ಲಿಯೇ ದಿನಕ್ಕೆ 132 ಆಗುತ್ತದೆ, ಕಟ್ ದಿನಗಳು ಅದೇ ಪ್ರಮಾಣದಲ್ಲಿ 3,080. ಬರುವ ಹಣ 40,28,640, ಖರ್ಚು 40,27,552. ಸರಿಯಾಗಿ ತೂಗುತ್ತದೆ! ನಾನು ಸಮಿತಿಯವರಿಗೆ ಆಧಾರವಿಲ್ಲವೆಂದದ್ದನ್ನು ಹಿಂದಕ್ಕೆ ಪಡೆಯಬೇಕೇ?

ಹಳೇ ವಾರ್ಡನ್ · 24 ಮೇ, ಬೆಳಿಗ್ಗೆ 11:12

ಮೊತ್ತ ತೂಗುತ್ತದೆ, ಹಂಚಿಕೆ ತೂಗುವುದಿಲ್ಲ. 3,837 ಸಾಕಾಗುವ ಕಡೆ 3,960 ಕಟ್ಟುವ ಹುಡುಗ ತಿಂಗಳಿಗೆ 123, ವರ್ಷಕ್ಕೆ 1,230 ರೂಪಾಯಿ ಹೆಚ್ಚು ಕೊಡುತ್ತಾನೆ. ಆ ಹಣ ಊರಿಗೆ ಹೋದವರ 132ರ ಕಟ್‌ಗೆ ಹೋಗುತ್ತದೆ. ಬೀದರ್ ಎಕ್ಸ್‌ಪ್ರೆಸ್ ಅವರ ತಣ್ಣನೆಯ ಚಿತ್ರಾನ್ನದ ಕಥೆ ಇದೇ.

ಗದಗಿನವ · 24 ಮೇ, ಮಧ್ಯಾಹ್ನ 1:30

ಊರು ಹತ್ತಿರವಿದ್ದವರನ್ನು ಎಲ್ಲರೂ ಕಳ್ಳರಂತೆ ಕಾಣುತ್ತಿದ್ದೀರಿ. ಪ್ರತಿ ಶನಿವಾರ ಸಂಜೆ ಊರಿಗೆ ಹೋಗಿ ಸೋಮವಾರ ಬರುತ್ತಿದ್ದ ನನಗೆ ಐದು ದಿನದ ನಿಯಮದಿಂದ ಒಂದು ರೂಪಾಯಿಯೂ ಕಟ್ ಸಿಕ್ಕಿಲ್ಲ. ತಿಂಗಳಿಗೆ ನಾಲ್ಕು ಭಾನುವಾರದ ಊಟ ಮೆಸ್ಸಿಗೆ ದಾನ. ಎರಡು ದಿನಕ್ಕೂ ಕಟ್ ಕೊಡುವುದು ನ್ಯಾಯವಲ್ಲವೇ?

ಸಂತೆ ಲೆಕ್ಕ · 24 ಮೇ, ಮಧ್ಯಾಹ್ನ 2:45

ನ್ಯಾಯವಿರಬಹುದು, ಆದರೆ ಆಗ 87.60 ಎಂಬ ಸಂಖ್ಯೆಯೇ ಸುಳ್ಳಾಗುತ್ತದೆ. ಭಾನುವಾರ ಮೂವತ್ತು ಜನ ಇರುವುದಿಲ್ಲವೆಂದು ಭಟ್ಟರಿಗೆ ಗೊತ್ತು, ಅವರು ಅಂದು ಅಕ್ಕಿ ಕಡಿಮೆ ಹಾಕುತ್ತಾರೆ. ಆ ಉಳಿತಾಯ ಆಗಲೇ 85ರ ಒಳಗೆ ಸೇರಿಕೊಂಡಿದೆ, ಏಕೆಂದರೆ ಭಾಗಿಸಿದ್ದು ತಟ್ಟೆಗಳಿಂದಲ್ಲ, ಬಿಲ್ಲಾದ ದಿನಗಳಿಂದ. ನಾಳೆ 112 ಹುಡುಗರೂ ತಿಂಗಳಿಗೆ ಎರಡೇ ದಿನ ಹೆಚ್ಚು ಕಟ್ ಕೇಳಿದರೂ ವರ್ಷಕ್ಕೆ 1,96,000 ರೂಪಾಯಿ ಆದಾಯ ಕಡಿಮೆಯಾಗುತ್ತದೆ, ಖರ್ಚು ಮಾತ್ರ ಇಳಿಯುವುದಿಲ್ಲ. ಆಗ ದಿನದ ದರವನ್ನು ಏರಿಸಬೇಕು. ಬೇಕಾದರೆ ಮಾಡಿ, ಆದರೆ ದರ ಏರಿಸದೆ ನಿಯಮ ಸಡಿಲಿಸಬೇಡಿ.

ಅಜ್ಜನ ಚೀಲ · 24 ಮೇ, ಸಂಜೆ 6:10

ನಾನು ಧಾರವಾಡಕ್ಕೆ ಓದಲು ಬಂದದ್ದು ಎಪ್ಪತ್ತರ ದಶಕದಲ್ಲಿ. ನನಗಿಂತ ಹಿಂದಿನವರು ವಾರಾನ್ನ ಮಾಡಿ ಓದಿದ್ದರು. ನಮ್ಮ ಕಾಲಕ್ಕೆ ಬೋರ್ಡಿಂಗ್ ಇತ್ತು. ಮನೆಯಲ್ಲಿ ಜೋಳ ಬೆಳೆಯುವವರು ವರ್ಷದ ಆರಂಭದಲ್ಲಿ ಒಂದು ಚೀಲ ಜೋಳ ಹಾಕಿ, ಉಳಿದದ್ದಕ್ಕಷ್ಟೇ ಹಣ ಕಟ್ಟುತ್ತಿದ್ದೆವು. ಪೇಟೆಯಲ್ಲಿ ಜೋಳದ ಬೆಲೆ ಎಷ್ಟೇ ಏರಲಿ, ನಮ್ಮ ರೊಟ್ಟಿಗೆ ತೊಂದರೆ ಇರಲಿಲ್ಲ.

ಲೆಕ್ಕಿಗ · 24 ಮೇ, ಸಂಜೆ 6:35

ಈಗ ಹುಡುಗರು ಚೀಲ ಹೊತ್ತು ಬಂದರೆ ಬಸ್ಸಿನ ಲಗೇಜ್ ದರವೇ ಶುಲ್ಕವನ್ನು ಮೀರುತ್ತದೆ, ಅಜ್ಜಾ.

ಹೊಸ ಖಜಾಂಚಿ · 1 ಜೂನ್, ರಾತ್ರಿ 9:20

ಇಂದು ಸಮಿತಿ ಸಭೆ ನಡೆಯಿತು. ನಿಮ್ಮೆಲ್ಲರ ಲೆಕ್ಕವನ್ನು ಕರಿಹಲಗೆಯ ಮೇಲೆ ಬರೆದು ತೋರಿಸಿದೆ; ಶಿಕ್ಷಕನಾದದ್ದು ಅಷ್ಟಕ್ಕಾದರೂ ಉಪಯೋಗವಾಯಿತು. ತಿಂಗಳಿಗೆ 3,850 ಎಂದು ತೀರ್ಮಾನವಾಯಿತು. ಅದರಲ್ಲಿ 1,210 ಸ್ಥಿರ, ಯಾರಿಗೂ ವಾಪಸಿಲ್ಲ. ಉಳಿದದ್ದು ದಿನಕ್ಕೆ 88ರಂತೆ. ಐದು ದಿನದ ನಿಯಮ ಹಾಗೆಯೇ ಇರುತ್ತದೆ. ಕಟ್ ದರ 88 ಅಲ್ಲ, 80. ಹುಡುಗ ಹೋದ ದಿನವೇ ಪೂರ್ತಿ ಉಳಿತಾಯವಾಗುವುದಿಲ್ಲ, ತಂದ ತರಕಾರಿ, ಹೇಳಿಟ್ಟ ರೊಟ್ಟಿ ಇರುತ್ತವೆ ಎಂದು ಭಟ್ಟರು ಹೇಳಿದ ಮಾತಿಗೆ ಎಲ್ಲರೂ ಒಪ್ಪಿದರು. ಡಿಸೆಂಬರ್‌ನಲ್ಲಿ ಐದು ತಿಂಗಳ ಬಿಲ್ಲು ನೋಡಿ, ದಿನದ ವೆಚ್ಚ 92 ದಾಟಿದ್ದರೆ ಮಾತ್ರ ಜನವರಿಯಿಂದ ಪರಿಷ್ಕರಣೆ.

ಮೊನ್ನೆ 30ರಂದು ಕಚ್ಚಾ ಖಾದ್ಯ ತೈಲದ ಮೂಲ ಸುಂಕವನ್ನು ಶೇ. 20ರಿಂದ 10ಕ್ಕೆ ಇಳಿಸಿದ್ದಾರೆ ಎಂದು ವಿದ್ಯಾರ್ಥಿಗಳು ಸಭೆಯಲ್ಲಿ ಎತ್ತಿದರು. ಎಣ್ಣೆಯ ಬಾಬ್ತು ಇಳಿಸಬೇಕಿತ್ತೇ?

ಸಂತೆ ಲೆಕ್ಕ · 1 ಜೂನ್, ರಾತ್ರಿ 10:04

ಡಬ್ಬಕ್ಕೆ ನೂರು ರೂಪಾಯಿ ಇಳಿದರೆ ತಲೆಗೆ ತಿಂಗಳಿಗೆ 13 ರೂಪಾಯಿ ಉಳಿಯುತ್ತದೆ. ಇಳಿದ ಸುಂಕ ಅಂಗಡಿಯ ಬಿಲ್ಲಿನಲ್ಲಿ ಕಾಣುವವರೆಗೆ ಕಾಯಿರಿ. ಏರುವಾಗ ಎರಡು ವಾರದಲ್ಲಿ ಬರುವ ಸುಂಕ, ಇಳಿಯುವಾಗ ಹಳೆಯ ದಾಸ್ತಾನು ಮುಗಿಯಲಿ ಎನ್ನುತ್ತದೆ.

ಎಂಎಸ್ಸಿ ಹುಡುಗ · 1 ಜೂನ್, ರಾತ್ರಿ 10:30

ನನ್ನ ಒಂದು ಆಕ್ಷೇಪ ಉಳಿದಿದೆ. 3,850 ಮತ್ತು 80ರ ಕಟ್ ಇಟ್ಟರೆ ವರ್ಷಕ್ಕೆ ಸುಮಾರು 38,000 ಉಳಿಯುತ್ತದೆ. ಆ ಹಣದಿಂದ ಹಳೆಯ ನಷ್ಟದ ಒಂದು ಪಾಲನ್ನು ತುಂಬಿಕೊಳ್ಳುತ್ತೇವೆಂದು ಸಮಿತಿಯವರು ಹೇಳಿದರು. ಹೋದ ವರ್ಷ 120ರ ಕಟ್ ಪಡೆದು ಪದವಿ ಮುಗಿಸಿ ಹೋದವರ ಸಾಲವನ್ನು ಈಗ ಬರುವ ಹೊಸ ಹುಡುಗರು ಏಕೆ ತೀರಿಸಬೇಕು?

ಹಳೇ ವಾರ್ಡನ್ · 2 ಜೂನ್, ಬೆಳಿಗ್ಗೆ 6:55

ಹೋದವರ ಠೇವಣಿ ಇನ್ನೂ ನಿಮ್ಮ ಬಳಿಯೇ ಇದೆಯೇ, ಖಜಾಂಚಿಯವರೇ, ಅಥವಾ ಆಗಲೇ ಹಿಂದಿರುಗಿಸಿದ್ದೀರಾ?

ಹೊಸ ಖಜಾಂಚಿ · 2 ಜೂನ್, ಬೆಳಿಗ್ಗೆ 8:02

ಏಪ್ರಿಲ್ 30ಕ್ಕೇ ಹಿಂದಿರುಗಿಸಿ ಸಹಿ ಹಾಕಿಸಿಕೊಂಡಾಗಿದೆ. ಆದರೆ ನಿಯಮದಂತೆ ಕಟ್ ಪಡೆದವರ ಠೇವಣಿಯಿಂದ ಯಾವ ಮುಖ ಇಟ್ಟುಕೊಂಡು ಕಳೆಯಲಿ?